ಫೋನ್ ಹೋಯಿತು, ಬ್ಯಾಕಪ್ ಕೋಡೂ ಅದರೊಳಗೇ ಇತ್ತು

ಪ್ರಶ್ನೆ: ಸರ್, ಭಾನುವಾರ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ನನ್ನ ಫೋನ್ ಹೋಯಿತು. ಸಿಮ್ ಅವತ್ತೇ ಬ್ಲಾಕ್ ಮಾಡಿಸಿದೆ. ಜಿಮೇಲ್‌ಗೆ ಟೂ ಸ್ಟೆಪ್ ಹಾಕಿದ್ದೆ. ಆ ಹತ್ತು ಬ್ಯಾಕಪ್ ಕೋಡಿನ ಸ್ಕ್ರೀನ್‌ಶಾಟ್ ಅದೇ ಫೋನಿನಲ್ಲಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಜಿಮೇಲ್ ಇನ್ನೂ ತೆರೆಯುತ್ತಿದೆ. ಈಗ ಏನು ಮಾಡಲಿ? ಮುಂದೆ ಆ ಕೋಡ್ ಎಲ್ಲಿಡಲಿ? ನಮ್ಮೂರು ಹೊಸನಗರದ ಹತ್ತಿರ. ಮಳೆಗಾಲದಲ್ಲಿ ಕಾಗದವೆಲ್ಲ ಬೂಷ್ಟು ಹಿಡಿಯುತ್ತದೆ.

ಉತ್ತರ: ಮೊದಲು ಒಂದು ಮಾತು. ಆ ಲ್ಯಾಪ್‌ಟಾಪಿನಲ್ಲಿ ಜಿಮೇಲ್‌ನಿಂದ ಹೊರಗೆ ಬರಬೇಡಿ. ಹಿಸ್ಟರಿ, ಕುಕಿ ಏನನ್ನೂ ಅಳಿಸಬೇಡಿ. ಕಂಪ್ಯೂಟರ್ ನಿಧಾನ ಆಗಿದೆ ಎಂದು ಯಾರಾದರೂ ಕ್ಲೀನ್ ಮಾಡಿಕೊಡುತ್ತೇನೆ ಅಂದರೆ ಈ ವಾರ ಬೇಡ ಅನ್ನಿ. ಪಾಸ್‌ವರ್ಡನ್ನೂ ಈಗಲೇ ಬದಲಿಸಬೇಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಫೋನ್ ಕಳೆದವರು ನನ್ನ ಹತ್ತಿರ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ಎಲ್ಲಾದರೂ ಒಂದು ಕಡೆ ಇನ್ನೂ ತೆರೆದೇ ಇದೆಯಾ? ಇದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಅದು ದಿನಗಳ ಲೆಕ್ಕ. ನಿಮ್ಮದು ಅರ್ಧ ಗಂಟೆಯದು.

ಲ್ಯಾಪ್‌ಟಾಪ್ ಯಾಕೆ ಕೋಡ್ ಕೇಳದೆ ತೆರೆಯುತ್ತಿದೆ ಅಂದರೆ, ನೀವು ಯಾವಾಗಲೋ ಅದರಲ್ಲಿ ಲಾಗಿನ್ ಆದಾಗ ಗೂಗಲ್ ಆ ಬ್ರೌಸರಿಗೆ ಒಂದು ಗುರುತಿನ ಚೀಟಿ ಕೊಟ್ಟಿದೆ. ಅದನ್ನೇ ಕುಕಿ ಅನ್ನುವುದು. ಆ ಚೀಟಿ ಇರುವವರೆಗೆ ಅದು ಪರಿಚಯದ ಮನುಷ್ಯ. ಕುಕಿ ಅಳಿಸಿದರೆ ಮತ್ತೆ ಅಪರಿಚಿತ. ಆಗ ಪಾಸ್‌ವರ್ಡ್ ಕೊಟ್ಟ ಮೇಲೂ ಎರಡನೇ ಹೆಜ್ಜೆ ಕೇಳುತ್ತದೆ, ಆ ಹೆಜ್ಜೆ ಇರುವುದು ಕಳೆದುಹೋದ ಫೋನಿನಲ್ಲಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಮುಚ್ಚಿದ ಕೂಡಲೇ ಕುಕಿ ಅಳಿಸುವಂತೆ ಬ್ರೌಸರನ್ನು ಹೊಂದಿಸಿದ್ದರೆ ಕತೆ ಬೇರೆ. ಅಂಥ ಅನುಮಾನ ಇದ್ದರೆ ಚಾರ್ಜರ್ ಹಾಕಿ, ಕಿಟಕಿ ಮುಚ್ಚದೆ ಹಾಗೇ ಇಟ್ಟುಕೊಂಡು ಕೆಲಸ ಮುಗಿಸಿ.

ಇಂಟರ್‌ನೆಟ್ ಯಾವುದು ಬಳಸುತ್ತಿದ್ದಿರೋ ಅದೇ ಇರಲಿ. ಮನೆಗೆ ಫೈಬರ್ ಇದ್ದರೆ ಒಳ್ಳೆಯದು. ಕಳೆದ ಫೋನಿನ ಹಾಟ್‌ಸ್ಪಾಟಿನಲ್ಲೇ ಲ್ಯಾಪ್‌ಟಾಪ್ ನಡೆಯುತ್ತಿದ್ದರೆ ಮನೆಯವರ ಫೋನಿನ ಹಾಟ್‌ಸ್ಪಾಟ್ ಸಾಕು. ಲ್ಯಾಪ್‌ಟಾಪ್ ಹೊತ್ತುಕೊಂಡು ಪೇಟೆಗೆ ಹೋಗಿ ಯಾರದೋ ವೈಫೈಗೆ ಸೇರಿಸುವುದು ಬೇಡ. ಹೊಸ ಜಾಗ, ಹೊಸ ನೆಟ್‌ವರ್ಕ್ ಕಂಡರೆ ಗೂಗಲ್ ಜಾಸ್ತಿ ಪ್ರಶ್ನೆ ಕೇಳುತ್ತದೆ.

ಈಗ ಕೆಲಸ ಶುರು. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಮೊದಲಿನದು ಫೋನಿಗೆ ಬೀಗ. ಲ್ಯಾಪ್‌ಟಾಪಿನಲ್ಲಿ ಈ ವಿಳಾಸ ತೆರೆಯಿರಿ:

```
google.com/android/find
```

ನಿಮ್ಮ ಫೋನಿನ ಹೆಸರು ಕಾಣುತ್ತದೆ. ಅದು ಆನ್ ಇದ್ದು ಇಂಟರ್‌ನೆಟ್ ಸಿಕ್ಕರೆ ಎಲ್ಲಿದೆ ಅಂತಲೂ ತೋರಿಸಬಹುದು. ತೋರಿಸಿತು ಅಂತ ಒಬ್ಬರೇ ಹುಡುಕಿಕೊಂಡು ಹೋಗಬೇಡಿ, ಅದು ಪೊಲೀಸರಿಗೆ ಬಿಟ್ಟದ್ದು. ಅಲ್ಲಿಂದಲೇ ಫೋನನ್ನು ಲಾಕ್ ಮಾಡಬಹುದು, ಪೂರ್ತಿ ಅಳಿಸಲೂಬಹುದು. ಅಳಿಸಲು ಹೇಳಿದ ಮೇಲೆ ಜಾಗ ತೋರಿಸುವುದು ನಿಂತುಹೋಗುತ್ತದೆ. ಹಾಗಾಗಿ ಮೊದಲು ಲಾಕ್ ಮಾಡಿ, ಆಮೇಲೆ photos.google.com ತೆರೆದು ಫೋಟೋಗಳು ಅಲ್ಲಿಗೆ ಬಂದಿವೆಯಾ ನೋಡಿ, ಫೋನ್ ಸಿಗುವ ಆಸೆ ಬಿಟ್ಟ ಮೇಲೆ ಅಳಿಸಿ. ಫೋನ್ ಈಗ ಆಫ್ ಇದ್ದರೂ ಅಳಿಸುವ ಆಜ್ಞೆ ಕಾದು ಕೂತಿರುತ್ತದೆ. ಯಾವಾಗ ಅದಕ್ಕೆ ನೆಟ್ ಸಿಗುತ್ತದೋ ಆಗ ನಡೆಯುತ್ತದೆ.

ಬಹಳ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಗಾಬರಿಯಲ್ಲಿ ಮೊದಲು ಅಕೌಂಟಿನ ಸಾಧನಗಳ ಪಟ್ಟಿಗೆ ಹೋಗಿ ಕಳೆದ ಫೋನನ್ನು Sign out ಮಾಡಿಬಿಡುತ್ತಾರೆ. ಫೋನಿನಲ್ಲಿ ನಿಮ್ಮ ಗೂಗಲ್ ಅಕೌಂಟ್ ಇದ್ದರೆ ಮಾತ್ರ ಅದನ್ನು ಹುಡುಕಲು, ಅಳಿಸಲು ಆಗುವುದು. ಮೊದಲೇ ಹೊರಗೆ ಹಾಕಿದರೆ ಹಿಡಿದಿದ್ದ ಹಗ್ಗವನ್ನು ನೀವೇ ಕತ್ತರಿಸಿದ ಹಾಗೆ.

ಎರಡನೆಯದು, ನಿಮ್ಮ ಪ್ರಶ್ನೆಯ ನಡುಮಧ್ಯದ್ದು. ಸ್ಕ್ರೀನ್‌ಶಾಟಿನಲ್ಲಿದ್ದ ಹತ್ತು ಕೋಡ್ ಈಗ ಯಾರ ಕೈಯಲ್ಲಿವೆಯೋ ಗೊತ್ತಿಲ್ಲ. ಪರದೆಗೆ ಗಟ್ಟಿ ಲಾಕ್ ಇದ್ದಿದ್ದರೆ ಕಳ್ಳನಿಗೆ ಗ್ಯಾಲರಿ ತೆರೆಯಲು ಆಗಿರಲಿಕ್ಕಿಲ್ಲ. ಆದರೂ ಅವು ಹೋದವು ಎಂದೇ ಲೆಕ್ಕ ಹಾಕಿ. ಆ ಹತ್ತನ್ನೂ ಒಂದೇ ಏಟಿಗೆ ಕೊಲ್ಲುವ ದಾರಿ ಇದೆ: ಹೊಸ ಹತ್ತು ತೆಗೆಯುವುದು. ಹೊಸ ಕಟ್ಟು ಹುಟ್ಟಿದ ಕ್ಷಣವೇ ಹಳೆಯ ಕಟ್ಟು ಸತ್ತಿತು. ಬಳಸಿರಲಿ, ಬಳಸದೆ ಇರಲಿ, ಅವು ಆಮೇಲೆ ಸುಮ್ನೆ ಅಂಕಿಗಳು.

ಲ್ಯಾಪ್‌ಟಾಪಿನಲ್ಲಿ myaccount.google.com ತೆರೆಯಿರಿ. Security ಭಾಗಕ್ಕೆ ಹೋಗಿ 2-Step Verification ಒತ್ತಿ. ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಆ ಪುಟದಲ್ಲಿ Backup codes ಎಂದಿದೆ. ಅದರೊಳಗೆ ಹೋದರೆ ಈಗಿರುವ ಕೋಡ್‌ಗಳೂ, ಹೊಸ ಕಟ್ಟು ಪಡೆಯುವ ಗುಂಡಿಯೂ ಕಾಣುತ್ತವೆ. ಒತ್ತಿದರೆ ಹತ್ತು ಹೊಸ ಕೋಡ್ ಬರುತ್ತವೆ, ಒಂದೊಂದಕ್ಕೂ 8 ಅಂಕಿ. ಒಂದು ಕೋಡ್ ಒಂದೇ ಸಲಕ್ಕೆ.

ಪಾಸ್‌ವರ್ಡ್ ಕೊಟ್ಟ ಮೇಲೂ ಎರಡನೇ ಹೆಜ್ಜೆ ಕೇಳಿದರೆ? ಕೆಲವೊಮ್ಮೆ ಕೇಳುತ್ತದೆ. ಆಗ ಕಂಡದ್ದನ್ನೆಲ್ಲ ಒತ್ತಿ ಹತ್ತು ಸಲ ತಪ್ಪು ಉತ್ತರ ಕೊಡಬೇಡಿ. Try another way ಒತ್ತಿ ಯಾವ ಯಾವ ದಾರಿ ಕೊಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ನಿಮ್ಮ ಅಕೌಂಟ್ ಇರುವ ಹಳೆಯ ಫೋನೋ ಟ್ಯಾಬೋ ಇದ್ದರೆ ಅದಕ್ಕೆ ಪ್ರಶ್ನೆ ಹೋಗಬಹುದು. ಇಲ್ಲದಿದ್ದರೆ ನಿಮ್ಮ ನಂಬರಿಗೆ ಎಸ್ಸೆಮ್ಮೆಸ್. ಅದಕ್ಕೆ ಡೂಪ್ಲಿಕೇಟ್ ಸಿಮ್ ಬೇಕು, ಮತ್ತೆ ಒಂದು ದಿನ ಕಾಯಬೇಕು. ನಮ್ಮ ದೇಶದಲ್ಲಿ ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಯಾರದೋ ಹೆಸರಿನಲ್ಲಿ ಸಿಮ್ ತೆಗೆದು ಒಟಿಪಿ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಅದು. ಸಿಮ್ ಹಾಕಿದೆ, ನೆಟ್‌ವರ್ಕ್ ಕಡ್ಡಿ ತುಂಬಾ ಇದೆ, ಒಟಿಪಿ ಮಾತ್ರ ಬರ್ತಿಲ್ಲ ಎಂದು ಅಂಗಡಿಯವರ ಜೊತೆ ಜಗಳ ಆಡುವವರನ್ನು ನಾನೇ ಕಂಡಿದ್ದೇನೆ. ಅದರಲ್ಲಿ ಅವರ ತಪ್ಪಿಲ್ಲ. ಆಧಾರ್ ತೆಗೆದುಕೊಂಡು ಇವತ್ತೇ ಸಿಮ್ ಮಾಡಿಸಿ, ಗಂಟೆ ನೋಡಿಕೊಂಡು ಸುಮ್ಮನಿರಿ.

ಹೊಸ ಹತ್ತು ಕೋಡ್ ಸಿಕ್ಕವು ಅಂದುಕೊಳ್ಳಿ. ಅಲ್ಲೇ ಡೌನ್‌ಲೋಡ್, ಪ್ರಿಂಟ್ ಎಂಬ ಗುಂಡಿಗಳೂ ಇವೆ. ಎರಡನ್ನೂ ಬಿಡಿ. ಒಂದು ಬಾಲ್‌ಪೆನ್ನು, ಒಂದು ಹಾಳೆ ತೆಗೆದುಕೊಂಡು ಕೈಯಲ್ಲಿ ಬರೆಯಿರಿ. ನಾಲ್ಕು ಅಂಕಿ, ಸ್ವಲ್ಪ ಜಾಗ, ಮತ್ತೆ ನಾಲ್ಕು ಅಂಕಿ. 1 ಮತ್ತು 7, 0 ಮತ್ತು 6 ಒಂದೇ ಥರ ಬರೆಯುವ ಅಭ್ಯಾಸ ಇದ್ದರೆ 7ರ ನಡುವೆ ಒಂದು ಗೀಟು ಹಾಕಿ. ಬರೆದಾದ ಮೇಲೆ ಒಬ್ಬರು ಓದಿ, ಇನ್ನೊಬ್ಬರು ಪರದೆ ನೋಡಿ ಹೊಂದಿಸಿ. ಹಾಳೆಯ ತಲೆಗೆ ತಾರೀಕು ಹಾಕಿ. ಈ ತಾರೀಕಿನ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದರಿಂದ ನಾನೇ ಒಮ್ಮೆ ಸೋತಿದ್ದೇನೆ.

ಆಮೇಲೆ ಒಂದು ಕೋಡನ್ನು ಅಲ್ಲೇ ಪರೀಕ್ಷೆ ಮಾಡಿ. ಹೊಸ ಫೋನ್ ಇದ್ದರೆ ಅದರಲ್ಲೇ ಲಾಗಿನ್ ಆಗಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲೇ ಇನ್‌ಕಾಗ್ನಿಟೋ ಕಿಟಕಿ ತೆರೆಯಿರಿ. ಅದು ಅಪರಿಚಿತ ಕಂಪ್ಯೂಟರಿನ ಹಾಗೆ ವರ್ತಿಸುತ್ತದೆ, ಪಕ್ಕದಲ್ಲಿ ತೆರೆದಿರುವ ನಿಮ್ಮ ಜಿಮೇಲ್‌ಗೆ ಏನೂ ಆಗುವುದಿಲ್ಲ. ಹೆಸರು, ಪಾಸ್‌ವರ್ಡ್ ಕೊಡಿ. ಎರಡನೇ ಹೆಜ್ಜೆ ಕೇಳಿದಾಗ Try another way ಒತ್ತಿ. 8 ಅಂಕಿಯ ಬ್ಯಾಕಪ್ ಕೋಡ್ ಹಾಕಿ ಎನ್ನುವ ಸಾಲು ಆರಿಸಿ, ಹಾಳೆಯ ಮೊದಲ ಕೋಡ್ ಹಾಕಿ. ಒಳಗೆ ಹೋದಿರಾ? ಹಾಳೆಯಲ್ಲಿ ಆ ಕೋಡಿನ ಮೇಲೆ ಗೀಟು ಎಳೆಯಿರಿ. ಇನ್ನು ಒಂಬತ್ತು ಉಳಿದವು. ಒಂದು ಕೋಡ್ ಸುಟ್ಟುಹೋಯಿತಲ್ಲ ಅಂತ ಜಿಪುಣತನ ಬೇಡ. ನಿಮ್ಮ ಕೈಬರಹ, ಕೋಡ್, ಪಾಸ್‌ವರ್ಡ್ ಮೂರೂ ಸರಿ ಇವೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಈಗ ಪಾಸ್‌ವರ್ಡ್ ಬದಲಿಸಬಹುದು. ಮೊದಲೇ ಯಾಕೆ ಬೇಡ ಅಂದೆ ಅಂದರೆ, ಪಾಸ್‌ವರ್ಡ್ ಬದಲಿಸಿದ ಕೂಡಲೇ ಗೂಗಲ್ ಹೆಚ್ಚಿನ ಕಡೆಗಳಿಂದ ನಿಮ್ಮನ್ನು ಹೊರಗೆ ಹಾಕುತ್ತದೆ. ಕೋಡ್ ಕೈಯಲ್ಲಿಲ್ಲದೆ ಬದಲಿಸಿ, ಏನೋ ಎಡವಟ್ಟಾಗಿ ಲ್ಯಾಪ್‌ಟಾಪೂ ಹೊರಗೆ ಬಂದರೆ? ಮನೆಯೊಳಗೆ ಇದ್ದವರು ತಾವೇ ಅಂಗಳಕ್ಕೆ ಬಂದು ಬಾಗಿಲು ಎಳೆದುಕೊಂಡ ಹಾಗೆ. ಈಗ ಒಂಬತ್ತು ಕೋಡ್ ಇವೆ, ಹೆದರಿಕೆ ಇಲ್ಲ. ಪಾಸ್‌ವರ್ಡ್ ಆದ ಮೇಲೆ Your devices ಪಟ್ಟಿಗೆ ಹೋಗಿ. ಅಳಿಸುವ ಕೆಲಸ ಮುಗಿದಿದ್ದರೆ ಕಳೆದ ಫೋನನ್ನು Sign out ಮಾಡಿ. 2-Step Verification ಪುಟದಲ್ಲಿ ಅದರ ಹೆಸರಿನ ಮೇಲೆ ಇನ್ನೂ ಏನಾದರೂ ಉಳಿದಿದ್ದರೆ ತೆಗೆಯಿರಿ.

ಪೊಲೀಸ್ ದೂರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ದೂರಿನ ಪ್ರತಿ ಇದ್ದರೆ ಸಂಚಾರ ಸಾಥಿ ಜಾಲತಾಣದಲ್ಲಿ, ಅಂದರೆ sancharsaathi.gov.in ನಲ್ಲಿ, ಫೋನಿನ ಐಎಂಇಐ ನಂಬರನ್ನೇ ಬ್ಲಾಕ್ ಮಾಡಿಸಬಹುದು. 15 ಅಂಕಿಯ ಆ ನಂಬರ್ ಫೋನಿನ ಡಬ್ಬಿಯ ಮೇಲೆ ಇರುತ್ತದೆ, ಬಿಲ್ಲಿನಲ್ಲೂ ಇರಬಹುದು. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್, ಎರಡನ್ನೂ ಕೊಡಿ. ಆ ಅರ್ಜಿಗೂ ಒಟಿಪಿ ಬೇಕು, ಅದು ಬರುವುದು ನಿಮ್ಮ ನಂಬರಿಗೇ. ಹಾಗಾಗಿ ಬದಲಿ ಸಿಮ್ಮಿನ ಆ 24 ಗಂಟೆ ಕಳೆದ ಮೇಲೆ ಕೂರಿ. ಇನ್ನೊಂದು ವಿಷಯ. ಐಎಂಇಐ ಬ್ಲಾಕ್ ಆದರೆ ಫೋನಿಗೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಆಮೇಲೆ ನಿಮ್ಮ ಅಳಿಸುವ ಆಜ್ಞೆ ತಲುಪಬೇಕಾದರೆ ಯಾರಾದರೂ ಅದಕ್ಕೆ ವೈಫೈ ಹಾಕಬೇಕು. ಆದ್ದರಿಂದಲೂ ಅಳಿಸುವುದು ಮೊದಲು.

ಆ ಲ್ಯಾಪ್‌ಟಾಪೂ ಇಲ್ಲ, ಹಳೆಯ ಫೋನು, ಎಸ್ಸೆಮ್ಮೆಸ್ಸಿನಂಥ ಬೇರೆ ದಾರಿಯೂ ಇಲ್ಲ ಅಂದರೆ? accounts.google.com/signin/recovery ಒಂದೇ ದಾರಿ. ಮನೆಯಿಂದಲೇ, ಮೊದಲು ಯಾವಾಗಲೋ ಬಳಸಿದ್ದ ಕಂಪ್ಯೂಟರಿನಿಂದಲೇ ಅರ್ಜಿ ಹಾಕಬೇಕು. ಸಾಮಾನ್ಯವಾಗಿ 3ರಿಂದ 5 ಕೆಲಸದ ದಿನ ಹಿಡಿಯುತ್ತದೆ, ಸಿಕ್ಕೇ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ಜಿಮೇಲ್ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಬೇಡಿ. ಅಕೌಂಟ್ ಬಿಡಿಸಿಕೊಡುತ್ತೇವೆ ಎಂದು ಫೋನಿನಲ್ಲಿ ಮಾತಾಡುವವರು ಮೋಸಗಾರರೇ.

ಇನ್ನು ಎಲ್ಲಿಡಬೇಕು ಅನ್ನುವ ಪ್ರಶ್ನೆ. ನನಗೆ ಹೆಚ್ಚು ಮಾತಾಡಬೇಕು ಅನಿಸುವುದು ಇಲ್ಲೇ.

ಬ್ಯಾಕಪ್ ಕೋಡ್ ಇರುವುದೇ ಫೋನ್ ಇಲ್ಲದ ದಿನಕ್ಕೆ. ಅಂದಮೇಲೆ ಫೋನಿನ ಮೂಲಕ ಮಾತ್ರ ತಲುಪಬಹುದಾದ ಯಾವ ಜಾಗವೂ ಆಗದು. ಸ್ಕ್ರೀನ್‌ಶಾಟ್ ಆಗದು ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಅದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಒಬ್ಬರು ಕೋಡನ್ನು ತಮಗೇ ಮೇಲ್ ಮಾಡಿಕೊಂಡಿದ್ದರು, ಅದೇ ಜಿಮೇಲ್‌ಗೆ. ಇನ್ನೊಬ್ಬರು ಡ್ರೈವ್‌ನಲ್ಲಿ ಇಟ್ಟಿದ್ದರು. ಡ್ರೈವ್ ತೆರೆಯಲು ಅದೇ ಅಕೌಂಟ್ ಬೇಕಲ್ವಾ? ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ. ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡರೆ, ವಾಟ್ಸಾಪ್ ಮತ್ತೆ ತೆರೆಯಲು ಸಿಮ್ ಬೇಕು, ಸಿಮ್ಮಿಗೆ ಒಂದು ದಿನ ಬೇಕು. ಮತ್ತೆ ಕೆಲವರು ಚೀಟಿಯನ್ನು ಮಡಚಿ ಫೋನಿನ ಕವರಿನ ಹಿಂದೆ, ಐನೂರರ ನೋಟಿನ ಜೊತೆ ಇಟ್ಟಿರುತ್ತಾರೆ. ಕಾಗದದ ಮೇಲೆ ಬರೆಯಿರಿ ಅಂದಿದ್ದಕ್ಕೆ ಬರೆದಿದ್ದಾರೆ, ಪಾಪ, ಆದರೆ ಫೋನ್ ಹೋದರೆ ಅದೂ ಹೋಯಿತು.

ಪರೀಕ್ಷೆ ಸುಲಭ. ಫೋನ್ ಹೊಳೆಗೆ ಬಿತ್ತು, ಲ್ಯಾಪ್‌ಟಾಪ್ ಸಿಡಿಲಿಗೆ ಸುಟ್ಟಿತು ಅಂದುಕೊಳ್ಳಿ. ನಮ್ಮ ಕಡೆ ಎರಡೂ ನಡೆಯುವ ಸಂಗತಿಯೇ. ಆಗ ಬರೀ ಕಾಲಲ್ಲಿ ನಡೆದುಹೋಗಿ ಕೈ ಹಾಕಿ ತೆಗೆಯಬಹುದಾದ ಜಾಗದಲ್ಲಿ ಕೋಡ್ ಇದೆಯಾ? ಇದ್ದರೆ ಸರಿ.

ನನ್ನ ಫೋನ್ ಬಿದ್ದದ್ದು ಹೊಳೆಗಲ್ಲ, ಶರಾವತಿ ಹಿನ್ನೀರಿಗೆ. ಸಿಗಂದೂರಿಗೆ ಇನ್ನೂ ಲಾಂಚಿನಲ್ಲಿ ಹೋಗುತ್ತಿದ್ದ ಕಾಲ. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಕಂಬಿಗೆ ಒರಗಿ ನೀರು ನೋಡಲು ಬಗ್ಗಿದೆ. ಅಂಗಿಯ ಜೇಬಿನಲ್ಲಿದ್ದ ಫೋನ್ ಜಾರಿತು. ನನಗೆ ಅಷ್ಟೇನೂ ಗಾಬರಿ ಆಗಲಿಲ್ಲ. ಬ್ಯಾಕಪ್ ಕೋಡಿನ ಹಾಳೆ ಮನೆಯ ಟ್ರಂಕಿನಲ್ಲಿತ್ತು. ಊರವರಿಗೆಲ್ಲ ಹೇಳಿಕೊಡುವವನು ನಾನೇ ಅಲ್ವಾ ಎಂಬ ಗತ್ತು ಬೇರೆ.

ಮನೆಗೆ ಬಂದು ಹಾಳೆ ತೆಗೆದೆ. ಮೊದಲ ಕೋಡ್ ಹಾಕಿದೆ, ತಪ್ಪು ಅಂದಿತು. ಎರಡನೆಯದೂ ತಪ್ಪು. ಅಂಕಿ ಸರಿಯಾಗಿ ಓದಲಿಲ್ಲವೇನೋ ಎಂದು ಕನ್ನಡಕ ಹಾಕಿಕೊಂಡು ಮೂರನೆಯದು ಹಾಕಿದೆ. ಅದೂ ಇಲ್ಲ. ಆಗ ನೆನಪಾಯಿತು. ಕೆಲವು ತಿಂಗಳ ಹಿಂದೆ ಒಬ್ಬರಿಗೆ ತೋರಿಸಿಕೊಡಲು ನನ್ನದೇ ಅಕೌಂಟಿನಲ್ಲಿ ಹೊಸ ಕೋಡ್ ತೆಗೆಯುವ ಗುಂಡಿ ಒತ್ತಿದ್ದೆ. ಅವತ್ತೇ ಟ್ರಂಕಿನ ಹಾಳೆ ಸತ್ತಿತ್ತು. ಹಾಳೆಯ ಮೇಲೆ ತಾರೀಕು ಇರಲಿಲ್ಲ, ಹಾಗಾಗಿ ಅದು ಹಳೆಯದೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಮಕ್ಕಳು ಯಕ್ಷಗಾನ ನೋಡಲು ಇಟ್ಟುಕೊಂಡಿದ್ದ ಹಳೆಯ ಟ್ಯಾಬಿನಲ್ಲಿ ನನ್ನ ಅಕೌಂಟ್ ಉಳಿದಿತ್ತು. ಅದರ ಪರದೆಯಲ್ಲಿ ನೀವೇನಾ ಎಂಬ ಪ್ರಶ್ನೆ ಬಂತು, ಹೌದು ಒತ್ತಿ ಒಳಗೆ ಹೋದೆ. ಟ್ಯಾಬಿನ ಬ್ಯಾಟರಿ ಸತ್ತಿದ್ದರೆ ಮುಗಿದಿತ್ತು. ಎಲ್ಲ ಕೋಡೂ ಒಂದರ ಹಿಂದೊಂದು ತಪ್ಪು ಎಂದು ಬಂದರೆ ಕೈಬರಹವನ್ನು ದೂರಬೇಡಿ, ಹಾಳೆ ಹಳೆಯದು.

ಈಗ ಬೂಷ್ಟಿನ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕಾಗದದ ಮಾತೇನು. ಶಾಯಿ ಆರಿಸುವಾಗ ಎಚ್ಚರ ಇರಲಿ. ಜೆಲ್ ಪೆನ್ನಿನ ಬರಹ ತೇವಕ್ಕೆ ಹರಡುತ್ತದೆ. ಇಂಕ್‌ಜೆಟ್ ಪ್ರಿಂಟೂ ಹಾಗೇ. ಬಸ್ ಟಿಕೆಟ್, ಎಟಿಎಂ ಚೀಟಿಯಂಥ ನುಣುಪು ಕಾಗದ ಬೇಡವೇ ಬೇಡ, ಒಂದೆರಡು ವರ್ಷದಲ್ಲಿ ಬಿಳಿ ಹಾಳೆ ಆಗಿರುತ್ತದೆ. ಬಾಲ್‌ಪೆನ್ ಪರವಾಗಿಲ್ಲ. ತೇವಕ್ಕೆ ಎಲ್ಲಕ್ಕಿಂತ ತಡೆಯುವುದು ಪೆನ್ಸಿಲ್, ಅದರ ಕಪ್ಪು ನೀರಿನಲ್ಲಿ ಕರಗುವುದಿಲ್ಲ. ಒತ್ತಿ ಬರೆದರೆ ಸಾಕು. ನಾನು ದಪ್ಪ ಹಾಳೆಯ ಮೇಲೆ ಪೆನ್ಸಿಲಿನಲ್ಲೇ ಬರೆಯುತ್ತೇನೆ.

ಹಾಳೆಯನ್ನು ಬಿಸಿಲಿಗೋ ಒಲೆಯ ಕಾವಿಗೋ ಸ್ವಲ್ಪ ಹೊತ್ತು ಹಿಡಿದು, ಗರಿಗರಿ ಆದ ಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ತೇವದ ಹಾಳೆಯನ್ನೇ ಮುಚ್ಚಿದರೆ ಒಳಗೇ ಬೂಷ್ಟು ಬೆಳೆಯುತ್ತದೆ. ಆ ಕವರು ಸ್ಟೀಲ್ ಡಬ್ಬಿಯೊಳಗೆ ಹೋಗಲಿ. ಮರದ ಪೆಟ್ಟಿಗೆ ಬೇಡ, ಗೆದ್ದಲಿಗೆ ನಿಮ್ಮ ಕೋಡ್ ಬೇಕಿಲ್ಲ, ಕಾಗದ ಬೇಕು. ಡಬ್ಬಿಯನ್ನು ಪಹಣಿ, ಖಾತೆ ಪತ್ರ ಇಡುವ ಬೀರುವಿನಲ್ಲೇ ಇಡಿ. ಬೆಂಕಿ ಬಿದ್ದರೂ ನೀರು ಬಂದರೂ ಮನೆಯವರು ಮೊದಲು ಎತ್ತಿಕೊಂಡು ಓಡುವುದು ಆ ಪತ್ರಗಳನ್ನೇ. ಅದರ ಜೊತೆ ಕೋಡೂ ಹೊರಗೆ ಬರುತ್ತದೆ. ಸೌದೆ ಒಲೆ ಇದ್ದರೆ ಅದರ ಮೇಲಿನ ಅಟ್ಟವೂ ಒಳ್ಳೆಯ ಜಾಗ, ಮನೆಯಲ್ಲೇ ಒಣಗಿದ ಮೂಲೆ ಅದು. ಆದರೆ ಅಟ್ಟ ಒರೆಸುವವರಿಗೆ ಹೇಳಿಡಿ, ಇಲ್ಲದಿದ್ದರೆ ಹಳೆ ಡಬ್ಬಿ ಅಂತ ಗುಜರಿಗೆ ಹೋದೀತು.

ಲ್ಯಾಮಿನೇಷನ್ ಮಾಡಿಸಬಹುದಾ ಎಂದು ಕೇಳುವವರಿದ್ದಾರೆ. ಕೋಡ್ ಬಳಸಿದಾಗ ಗೀಟು ಎಳೆಯಲು ಆಗುವುದಿಲ್ಲ, ಅದೊಂದು. ಅದಕ್ಕಿಂತ ದೊಡ್ಡದು ಅಂಗಡಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯುವುದು ಹೇಗೆ ನೆನಪಿಸಿಕೊಳ್ಳಿ. ಅಂಗಡಿಯ ನಂಬರಿಗೆ ಫೈಲನ್ನು ವಾಟ್ಸಾಪ್ ಮಾಡುತ್ತೇವೆ. ಅದು ಅವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿಗೆ ಬಂದು, ಆಧಾರ್ ಕಾರ್ಡು, ಮದುವೆ ಕಾಗದಗಳ ನಡುವೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆ ಕಂಪ್ಯೂಟರಿನ ಮುಂದೆ ಯಾರು ಯಾರು ಕೂರುತ್ತಾರೋ. ಅದಕ್ಕೇ ಕೈಬರಹ ಅಂದದ್ದು.

ಎರಡನೇ ಪ್ರತಿಯೊಂದು ಮನೆಯ ಹೊರಗಿರಲಿ. ಶಿವಮೊಗ್ಗದಲ್ಲಿ ಅಕ್ಕನೋ ಭಾವನೋ ಇದ್ದರೆ ಅವರ ಮನೆಯಲ್ಲಿ. ಫೋನ್ ಕಳೆಯುವುದು ಪೇಟೆಯಲ್ಲೇ ಜಾಸ್ತಿ, ಬೀರು ಇರುವುದು ಊರಿನಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಹೊಸನಗರದ ಬೀರುವಿಗಿಂತ ಅಕ್ಕನ ಮನೆ ಹತ್ತಿರ. ಹಾಳೆ ಬೇರೆಯವರ ಮನೆಯಲ್ಲಿರುವುದು ಅಪಾಯ ಅಲ್ಲವೇ ಅಂದರೆ, ಕೋಡೊಂದರಿಂದ ಯಾರಿಗೂ ಏನೂ ತೆರೆಯಲು ಆಗುವುದಿಲ್ಲ. ಅದು ಎರಡನೇ ಹೆಜ್ಜೆ ಮಾತ್ರ. ಮೊದಲ ಹೆಜ್ಜೆಯಾದ ಪಾಸ್‌ವರ್ಡ್ ಬೇಕೇ ಬೇಕು. ಆದ್ದರಿಂದ ಅದೇ ಹಾಳೆಯಲ್ಲಿ ಪಾಸ್‌ವರ್ಡ್ ಬರೆಯಬೇಡಿ, ಮೇಲ್ ಐಡಿಯೂ ಬೇಡ. ನಿಮಗೆ ಮಾತ್ರ ಗೊತ್ತಾಗುವ ಒಂದು ಗುರುತು ಸಾಕು. ಹಾಳೆ ಹೀಗಿದ್ದರೆ ಸರಿ:

```
ದೊಡ್ಡ ಮೇಲ್    12-7-2025
4071 9926   (ಬಳಸಿದೆ)
8350 2714
6629 1803
```

ಅಂಕಿಗಳು ನಾನು ಸುಮ್ನೆ ಬರೆದವು. ನಿಮ್ಮದರಲ್ಲಿ ಹತ್ತೂ ಇರಲಿ. ಎರಡು ಹಾಳೆಯಲ್ಲೂ ಅದೇ ಹತ್ತು. ಬಳಸುವಾಗ ಮನೆಯ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ, ಅಕ್ಕನ ಮನೆಯದರಲ್ಲಿ ಕೆಳಗಿನಿಂದ ಮೇಲಕ್ಕೆ ಬಳಸಿ. ಆಗ ಒಂದು ಕಡೆ ಸುಟ್ಟ ಕೋಡನ್ನು ಇನ್ನೊಂದು ಕಡೆ ಮತ್ತೆ ಹಾಕಿ ಪೇಚಾಡುವುದು ತಪ್ಪುತ್ತದೆ.

ಪರ್ಸಿನಲ್ಲಿ ಒಂದೆರಡು ಕೋಡ್ ಇಟ್ಟುಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ನೂಕುನುಗ್ಗಲಲ್ಲಿ ಫೋನ್ ಎತ್ತುವ ಕೈ ಪರ್ಸನ್ನೂ ಎತ್ತುತ್ತದೆ. ದೂರ ಪ್ರಯಾಣ ಇದ್ದರೆ ಬಟ್ಟೆಯ ಬ್ಯಾಗಿನ ತಳದಲ್ಲಿ ಇಡಿ, ಅಷ್ಟೇ.

ಬೇರೆ ಅಕೌಂಟುಗಳ ಕೋಡ್? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇತ್ಯಾದಿಗಳಿಗೂ ಅವುಗಳದ್ದೇ ಕೋಡ್ ಇವೆ. ಅವನ್ನೆಲ್ಲ ಕಾಗದಕ್ಕೆ ಇಳಿಸಬೇಕಿಲ್ಲ. ಜಿಮೇಲ್ ಬೇರು, ಉಳಿದವು ಕೊಂಬೆ. ಬೇರಿನ ಕೋಡ್ ಕಾಗದದಲ್ಲಿದ್ದರೆ ಕೊಂಬೆಗಳ ಕೋಡ್ ಡ್ರೈವ್‌ನಲ್ಲೋ ಪಾಸ್‌ವರ್ಡ್ ಮ್ಯಾನೇಜರಿನಲ್ಲೋ ಇದ್ದರೂ ನಡೆಯುತ್ತದೆ. ವಾಟ್ಸಾಪಿಗೆ ಇಂಥ ಕೋಡಿನ ಪಟ್ಟಿ ಇಲ್ಲ, 6 ಅಂಕಿಯ ಪಿನ್ ಇದೆ. ಅದನ್ನು ಮರೆತರೆ ಬಿಡಿಸಿಕೊಳ್ಳಲು ಇಮೇಲ್ ಸೇರಿಸಿಡಿ.

ಹೊಸ ಫೋನ್ ಬಂದ ಮೇಲೆ ಇನ್ನೊಂದು ಕೆಲಸ ಇದೆ. ನಿಮ್ಮ ಎರಡನೇ ಹೆಜ್ಜೆ ಇದುವರೆಗೆ ಎಸ್ಸೆಮ್ಮೆಸ್ ಆಗಿದ್ದರೆ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಅದು 30 ಸೆಕೆಂಡಿಗೊಮ್ಮೆ 6 ಅಂಕಿ ಬದಲಿಸುತ್ತದೆ. ಫೋನಿನ ಗಡಿಯಾರ ಸರಿ ಇದ್ದರೆ ಸಾಕು, ಅದಕ್ಕೆ ನೆಟ್‌ವರ್ಕ್ ಬೇಡ. ಒಟಿಪಿಗಾಗಿ ಮಳೆಯಲ್ಲಿ ಕೊಡೆ ಹಿಡಿದು ತೋಟದ ದಿಬ್ಬ ಹತ್ತುವ ಕೆಲಸ ತಪ್ಪುತ್ತದೆ. ದಿನದ ಬಳಕೆಗೆ ಅದು, ಆಪತ್ತಿಗೆ ಹಾಳೆ. ಎಸ್ಸೆಮ್ಮೆಸ್ ಬರಲಿಲ್ಲ ಎಂದು ದಿನಾ ಬ್ಯಾಕಪ್ ಕೋಡ್ ಬಳಸಿ ಖಾಲಿ ಮಾಡಿಕೊಂಡವರೂ ಇದ್ದಾರೆ. ಆ ಆ್ಯಪಿನ ನಕಲನ್ನು ಗೂಗಲ್ ಅಕೌಂಟಿಗೇ ಸೇರಿಸಿಡಬಹುದು, ಹೊಸ ಫೋನಿನಲ್ಲಿ ಲಾಗಿನ್ ಆದರೆ ಎಲ್ಲ ತಾನಾಗಿ ಬರುತ್ತದೆ. ಆದರೆ ಮೊದಲು ಲಾಗಿನ್ ಆಗಬೇಕಲ್ಲ, ಅದಕ್ಕೆ ಮತ್ತೆ ಬೀರುವಿನ ಹಾಳೆಯೇ.

ಕಳೆದ ಫೋನಿನ ನೆಪದಲ್ಲಿ ಕೆಲವು ದಿನ ಬಿಟ್ಟು ನಿಮಗೆ ಕರೆ ಬರಬಹುದು. ನಿಮ್ಮ ಫೋನ್ ಸಿಕ್ಕಿದೆ, ನಿಮ್ಮದೇ ಎಂದು ಖಚಿತ ಮಾಡಲು ಒಂದು ಕೋಡ್ ಹೇಳಿ ಅನ್ನುತ್ತಾರೆ. ಕಳೆದ ಫೋನನ್ನು ಹಿಂದಿರುಗಿಸಲು ಕೋಡೇ ಬೇಕಿಲ್ಲ. ಠಾಣೆಗೆ ಕೊಡಿ ಅಲ್ಲಿಂದ ತಗೋತೀನಿ ಅನ್ನಿ, ಅಷ್ಟಕ್ಕೇ ಕರೆ ಕಟ್ ಆಗುತ್ತದೆ.

ಕೋಡ್ ಮೂರಕ್ಕೆ ಇಳಿದಾಗ ಹೊಸ ಹತ್ತು ತೆಗೆಯಿರಿ. ಎಷ್ಟು ಉಳಿದಿವೆ ಎಂದು ಅದೇ Backup codes ಪುಟ ಹೇಳುತ್ತದೆ. ಹೊಸ ಹಾಳೆ ಬರೆದ ದಿನವೇ ಅಕ್ಕನಿಗೂ ಫೋನ್ ಮಾಡಿ, ಹಳೆಯದು ಸತ್ತಿದೆ ಎಂದು ಹೇಳಿ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಹೊಸದು ಕೊಟ್ಟು ಹಳೆಯದು ತನ್ನಿ. ಎರಡು ಹಳೆ ಹಾಳೆಗಳನ್ನೂ ಅವತ್ತು ಸಂಜೆ ಬಚ್ಚಲೊಲೆಗೆ ಹಾಕಿ.